ಹೊರಡುವ ಟೀಮ್ ಲೀಡ್ ಬರೆದಿಡಬೇಕಾದ ಪಟ್ಟಿ

ಹ್ಯಾಂಡೋವರ್ ನೋಟ್ ಎಂದರೆ ಕೆಲಸ ಬಿಟ್ಟು ಹೊರಡುವವರು ತಮ್ಮ ಕೈಯಲ್ಲಿ ಅರ್ಧಕ್ಕೆ ನಿಂತಿರುವ ಕೆಲಸಗಳನ್ನು ಪಟ್ಟಿ ಮಾಡಿ, ಒಂದೊಂದನ್ನೂ ಮುಂದೆ ಯಾರು ನೋಡಿಕೊಳ್ಳಬೇಕು, ಯಾವ ದಿನದೊಳಗೆ ಮುಗಿಸಬೇಕು ಎಂದು ಬರೆದಿಟ್ಟು ಹೋಗುವ ದಾಖಲೆ. ಸರ್ಕಾರಿ ಕಚೇರಿಗಳಲ್ಲಿ ಇದಕ್ಕೆ ಹಳೆಯ ಪದ್ಧತಿಯೇ ಇದೆ. ಅಧಿಕಾರಿಗೆ ವರ್ಗವಾದರೆ ಚಾರ್ಜ್ ಕೊಡುವವರೂ ಚಾರ್ಜ್ ತೆಗೆದುಕೊಳ್ಳುವವರೂ ಒಂದೇ ಹಾಳೆಗೆ ಸಹಿ ಹಾಕುತ್ತಾರೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಅಂಥ ನಮೂನೆ ಇರುವುದಿಲ್ಲ. ರಾಜೀನಾಮೆ ಕೊಟ್ಟ ಟೀಮ್ ಲೀಡ್‌ಗೆ ಎರಡು ಮೂರು ತಿಂಗಳ ನೋಟಿಸ್ ಅವಧಿ ಇರುತ್ತದೆ. ಅದರ ಕೊನೆಯ ವಾರಗಳಲ್ಲಿ ‘ಕೆಟಿ’ ಎಂದು ಕರೆಯುವ ಮೀಟಿಂಗ್‌ಗಳು ನಡೆಯುತ್ತವೆ. ಲೀಡ್ ಮಾತಾಡುತ್ತಾರೆ, ಉಳಿದವರು ಕೇಳಿಸಿಕೊಳ್ಳುತ್ತಾರೆ. ಕೇಳಿದ್ದರಲ್ಲಿ ಬಹುಪಾಲು ತಿಂಗಳು ಕಳೆಯುವುದರೊಳಗೆ ಮರೆತುಹೋಗುತ್ತದೆ. ಆಮೇಲೆ ತಂಡದ ಕೈಯಲ್ಲಿ ಉಳಿಯುವುದು ಬರೆದಿಟ್ಟ ನೋಟ್ ಮಾತ್ರ, ಮತ್ತು ಆ ನೋಟನ್ನು ಹೆಚ್ಚಿನವರು ಬರೆಯುವುದು ಕೊನೆಯ ಎರಡು ದಿನಗಳಲ್ಲಿ, ವಿದಾಯದ ಊಟ, ಲ್ಯಾಪ್‌ಟಾಪ್ ಹಿಂತಿರುಗಿಸುವ ಓಡಾಟ, ಎಚ್‌ಆರ್ ಫಾರಂಗಳ ನಡುವೆ.

ಇಂಥ ಪಟ್ಟಿ ಹೇಗಿರಬೇಕು ಎಂಬುದನ್ನು ನೋಡಲು ಒಂದು ಕಲ್ಪಿತ ತಂಡ ಸಾಕು. ಅಂಗಡಿಗಳಿಗೆ ತಿಂಗಳ ಚಂದಾ ಲೆಕ್ಕದಲ್ಲಿ ಸಾಫ್ಟ್‌ವೇರ್ ಕೊಡುವ ಬೆಂಗಳೂರಿನ ಒಂದು ಕಂಪನಿ. ಅದರಲ್ಲಿ ಗ್ರಾಹಕರಿಗೆ ಬಿಲ್ ತಯಾರಿಸುವ ಆರು ಜನರ ತಂಡ. ಲೀಡ್ ಅವರ ಕೊನೆಯ ದಿನ 2025ರ ಅಕ್ಟೋಬರ್ 31, ಶುಕ್ರವಾರ. ಕ್ಯಾಲೆಂಡರ್ ನೋಡಿದರೆ ಎರಡು ತೊಡಕು ಕಾಣುತ್ತವೆ. ಅಕ್ಟೋಬರ್ 20ರಿಂದ 22ರವರೆಗೆ ದೀಪಾವಳಿ. ಅರ್ಧ ತಂಡ ಊರಿಗೆ ಹೋಗಿರುತ್ತದೆ. ಕೊನೆಯ ದಿನದ ಮರುದಿನ ನವೆಂಬರ್ 1, ರಾಜ್ಯೋತ್ಸವದ ರಜೆ. ನೋಟಿಸ್ ಅವಧಿ ಮೂರು ತಿಂಗಳೆಂದು ಕಾಗದದಲ್ಲಿದ್ದರೂ ಕೊಡುವವರೂ ತೆಗೆದುಕೊಳ್ಳುವವರೂ ಒಟ್ಟಿಗೆ ಕುಳಿತು ಕೆಲಸ ಮಾಡಲು ಸಿಗುವುದು ಅಕ್ಟೋಬರ್ ಎರಡನೇ ವಾರ ಮತ್ತು ಕೊನೆಯ ವಾರ, ಅಷ್ಟೇ.

ಈ ಲೀಡ್ ಮೊದಲ ಸಲ ಬರೆದ ಪಟ್ಟಿಯಲ್ಲಿ ಒಂದು ಸಾಲು ಹೀಗಿದೆ ಎಂದುಕೊಳ್ಳಬಹುದು: ‘ಡೇಟಾಬೇಸ್ ಅಪ್‌ಗ್ರೇಡ್, ನಡೆಯುತ್ತಿದೆ, ಬ್ಯಾಕೆಂಡ್ ಟೀಮ್, ನವೆಂಬರ್.’ ನೋಡಲು ಎಲ್ಲ ಕಲಂಗಳೂ ತುಂಬಿವೆ. ಆದರೆ ನವೆಂಬರ್ ಮೂರರ ಸೋಮವಾರ ಬೆಳಿಗ್ಗೆ ಇದನ್ನು ತೆರೆದವರಿಗೆ ಮುಂದೇನು ಮಾಡಬೇಕೆಂದು ಗೊತ್ತಾಗುವುದಿಲ್ಲ. ‘ನಡೆಯುತ್ತಿದೆ’ ಎಂಬುದು ಕೆಲಸದ ಸ್ಥಿತಿಯನ್ನು ಹೇಳುವ ಮಾತಲ್ಲ. ಅಪ್‌ಗ್ರೇಡ್‌ಗೆ ಇನ್ನೂ ಕೈಹಾಕದಿದ್ದರೂ ಅದು ನಡೆಯುತ್ತಿದೆ, ನಾಳೆ ಮುಗಿಯುವಂತಿದ್ದರೂ ನಡೆಯುತ್ತಿದೆ. ಸ್ಥಿತಿ ಎಂದರೆ ಯಾವ ಹೆಜ್ಜೆ ಮುಗಿದಿದೆ, ಯಾವುದು ಮುಗಿದಿಲ್ಲ, ಮುಂದಿನ ಮೊದಲ ಹೆಜ್ಜೆ ಯಾವುದು, ಅದನ್ನು ಇಡುವಾಗ ಕಾಲು ಎಲ್ಲಿ ಜಾರಬಹುದು ಎಂಬ ನಾಲ್ಕು ಸಂಗತಿ.

ಅದೇ ಸಾಲನ್ನು ಬಿಡಿಸಿ ಬರೆದರೆ ಹೀಗಾಗುತ್ತದೆ. ಬಿಲ್ಲಿಂಗ್ ಡೇಟಾಬೇಸ್ ಇರುವುದು ಪೋಸ್ಟ್‌ಗ್ರೆಸ್‌ನ 13ನೇ ಆವೃತ್ತಿಯಲ್ಲಿ. ಪೋಸ್ಟ್‌ಗ್ರೆಸ್‌ನ ಪ್ರತಿ ಆವೃತ್ತಿಗೆ ಐದು ವರ್ಷ ಮಾತ್ರ ದುರಸ್ತಿ ಸಿಗುತ್ತದೆ. 13ಕ್ಕೆ ಕೊನೆಯ ದುರಸ್ತಿ 2025ರ ನವೆಂಬರ್ 13ಕ್ಕೆ. ಅಲ್ಲಿಂದಾಚೆ ಭದ್ರತೆಯ ಲೋಪ ಹೊರಬಿದ್ದರೂ ಮುಚ್ಚಿಕೊಡುವವರಿಲ್ಲ. ಟೆಸ್ಟ್ ಸರ್ವರನ್ನು 16ಕ್ಕೆ ಏರಿಸಿಯಾಗಿದೆ, ಗ್ರಾಹಕರ ದತ್ತಾಂಶವಿರುವ ಮುಖ್ಯ ಸರ್ವರನ್ನು ಇನ್ನೂ ಮುಟ್ಟಿಲ್ಲ. ಟೆಸ್ಟ್ ಸರ್ವರ್ ಏರಿಸಿದ ಮೇಲೆ ತಿಂಗಳ ರಿಪೋರ್ಟ್‌ಗಳೆಲ್ಲ ವಿಪರೀತ ನಿಧಾನವಾದವು. ಹುಡುಕಿದಾಗ ಕಾರಣ ಸಿಕ್ಕಿತು. ಯಾವ ಟೇಬಲ್‌ನಲ್ಲಿ ಎಷ್ಟು ಸಾಲಿದೆ, ಯಾವ ಮೌಲ್ಯ ಎಷ್ಟು ಸಲ ಬರುತ್ತದೆ ಎಂಬ ಅಂಕಿಅಂಶವನ್ನು ಡೇಟಾಬೇಸ್ ಇಟ್ಟುಕೊಂಡಿರುತ್ತದೆ. ಹುಡುಕಾಟದ ದಾರಿಯನ್ನು ಆರಿಸುವುದು ಅದನ್ನು ನೋಡಿಯೇ. `pg_upgrade` ಬಳಸಿ 16ಕ್ಕೆ ಏರಿಸಿದಾಗ ಈ ಅಂಕಿಅಂಶ ಹೊಸ ಆವೃತ್ತಿಗೆ ಬರುವುದಿಲ್ಲ. ಹಾಗಾಗಿ ಏರಿಸಿದ ಕೂಡಲೇ, ಗ್ರಾಹಕರನ್ನು ಒಳಗೆ ಬಿಡುವ ಮೊದಲು, ಒಂದು ಆದೇಶ ಕೊಡಬೇಕು:

```
vacuumdb --all --analyze-in-stages
```

ಈ ಒಂದು ಸಾಲು ಇಷ್ಟು ದಿನ ಲೀಡ್ ಅವರ ತಲೆಯಲ್ಲಿ ಮಾತ್ರ ಇತ್ತು. ಟೆಸ್ಟ್ ಸರ್ವರ್‌ನಲ್ಲಿ ಅದನ್ನು ಅವರೇ ಸರಿಪಡಿಸಿದ್ದರಿಂದ ಯಾವ ಟಿಕೆಟ್‌ನಲ್ಲೂ ದಾಖಲಾಗಿರಲಿಲ್ಲ. ನೋಟ್‌ಗೆ ಬಾರದಿದ್ದರೆ ಮುಖ್ಯ ಸರ್ವರ್ ಏರಿಸಿದ ರಾತ್ರಿ ಹೊಸಬರು ಅದೇ ತೊಂದರೆಯನ್ನು ಮೊದಲಿನಿಂದ ಹುಡುಕಬೇಕಾಗುತ್ತಿತ್ತು, ಅದೂ ಗ್ರಾಹಕರು ಕಾಯುತ್ತಿರುವಾಗ. ಒಳ್ಳೆಯ ಹಸ್ತಾಂತರದ ತಿರುಳು ಇಂಥ ಸಾಲುಗಳಲ್ಲೇ ಇರುತ್ತದೆ. ಕೆಲಸದ ಹೆಸರು ಟಿಕೆಟ್ ಪಟ್ಟಿಯಲ್ಲಿ ಎಲ್ಲರಿಗೂ ಸಿಗುತ್ತದೆ. ಕೆಲಸ ಮಾಡಿ ಕಲಿತದ್ದು ಮಾಡಿದವರು ಹೇಳಿದರಷ್ಟೇ ಸಿಗುತ್ತದೆ.

ಸ್ಥಿತಿಯನ್ನು ಚುಟುಕಾಗಿ ಬರೆದರೆ ಏನಾಗಬಹುದು ಎಂಬುದಕ್ಕೆ ಬೇರೆ ಕ್ಷೇತ್ರದ ಘೋರ ಉದಾಹರಣೆಯೊಂದಿದೆ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿಯಲ್ಲಿರುವ ಬಿಪಿ ತೈಲ ಸಂಸ್ಕರಣಾಗಾರದಲ್ಲಿ ಸ್ಫೋಟವಾಗಿ 15 ಜನ ಸತ್ತರು, 180 ಜನ ಗಾಯಗೊಂಡರು. ದುರಸ್ತಿ ಮುಗಿದ ಘಟಕವನ್ನು ಮತ್ತೆ ಶುರುಮಾಡುವ ಕೆಲಸ ಹಿಂದಿನ ರಾತ್ರಿ ಆರಂಭವಾಗಿತ್ತು. ರಾತ್ರಿ ಪಾಳಿಯ ಮುಖ್ಯ ಆಪರೇಟರ್ ಗೋಪುರದೊಳಕ್ಕೆ ದ್ರವ ತುಂಬಿಸಿ ನಿಲ್ಲಿಸಿ, ಪಾಳಿ ಮುಗಿಯುವುದಕ್ಕೆ ಮೊದಲೇ ಹೊರಟರು. ಲಾಗ್‌ಬುಕ್ಕಿನಲ್ಲಿ ಉಳಿದದ್ದು ಒಂದು ಸಾಲು. ಎಷ್ಟು ತುಂಬಿದೆ, ಯಾವ ಕೊಳವೆಗಳಲ್ಲಿ ಈಗಾಗಲೇ ದ್ರವವಿದೆ, ಮುಂದೆ ಯಾವ ಹೆಜ್ಜೆ ಎಂಬ ವಿವರ ಅದರಲ್ಲಿರಲಿಲ್ಲ. ಬೆಳಗಿನ ಪಾಳಿಯವರು ಗೋಪುರಕ್ಕೆ ಮತ್ತೆ ದ್ರವ ಹರಿಸಿದರು, ಅದು ಮಿತಿಮೀರಿ ತುಂಬಿ ಹೊರಚೆಲ್ಲಿತು. ಮಟ್ಟ ತೋರಿಸುವ ಉಪಕರಣ ಕೆಟ್ಟಿದ್ದು, ವಾರಗಟ್ಟಲೆ ರಜೆಯಿಲ್ಲದೆ ದುಡಿದವರ ದಣಿವು ಸೇರಿದಂತೆ ಕಾರಣಗಳು ಹಲವು ಇದ್ದವು. ಆದರೆ ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿಯ ತನಿಖಾ ವರದಿ ಆ ಒಂದು ಸಾಲಿನ ಹಸ್ತಾಂತರವನ್ನೂ ಕಾರಣಗಳ ಸಾಲಿನಲ್ಲಿ ಸೇರಿಸಿತು. ಬಿಲ್ಲಿಂಗ್ ತಂಡದಲ್ಲಿ ಯಾರ ಜೀವಕ್ಕೂ ಅಪಾಯವಿಲ್ಲ, ನಿಜ. ಆದರೂ ತಪ್ಪು ಒಂದೇ ಬಗೆಯದು: ಹೋಗುವವರಿಗೆ ಕಣ್ಣಿಗೆ ಕಟ್ಟಿದಂತಿರುವ ಸ್ಥಿತಿ ಬರುವವರಿಗೂ ಕಾಣುತ್ತಿದೆ ಎಂದುಕೊಳ್ಳುವುದು.

ಇನ್ನು ಹೊಣೆಯ ಕಲಂ. ಇಲ್ಲಿ ಒಬ್ಬರ ಹೆಸರೇ ಇರಬೇಕು. ‘ಬ್ಯಾಕೆಂಡ್ ಟೀಮ್’ ಎಂದು ಬರೆದರೆ ಆರು ಜನರಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದುಕೊಳ್ಳುತ್ತಾರೆ. ಎರಡು ಹೆಸರು ಬರೆದರೂ ಅದೇ ಕಥೆ. ಕೆಲಸ ಮಾಡುವವರು ನಾಲ್ಕು ಜನ ಇರಬಹುದು, ಅದು ಬೇರೆ ಮಾತು. ಹೊಣೆ ಹೊತ್ತವರು ಎಂದರೆ ಗಡುವು ಹತ್ತಿರ ಬಂದಾಗ ‘ಎಲ್ಲಿಗೆ ಬಂತು’ ಎಂದು ಕೇಳಿದರೆ ಉತ್ತರಿಸಬೇಕಾದ ಒಬ್ಬರು.

ಹೊಸ ಲೀಡ್ ಇನ್ನೂ ನೇಮಕವಾಗಿಲ್ಲದಿದ್ದಾಗ ಕಷ್ಟ ಹೆಚ್ಚು. ಎಷ್ಟೋ ನೋಟ್‌ಗಳಲ್ಲಿ ಹೊಣೆಯ ಕಲಂನಲ್ಲಿ ‘ಹೊಸ ಲೀಡ್’ ಎಂದೇ ಇರುತ್ತದೆ. ಹೊಸಬರು ಸಿಗಲು, ಅವರೂ ತಮ್ಮ ನೋಟಿಸ್ ಅವಧಿ ಮುಗಿಸಿ ಬರಲು ಮೂರು ತಿಂಗಳಾದರೂ ಬೇಕು. ಅಷ್ಟು ದಿನ ಆ ಸಾಲುಗಳಿಗೆ ದಿಕ್ಕಿರುವುದಿಲ್ಲ. ಅಂಥ ಸಾಲುಗಳಲ್ಲಿ ಮ್ಯಾನೇಜರ್ ಹೆಸರು ಬರೆದು, ಅವರಿಂದ ಒಪ್ಪಿಗೆ ಪಡೆಯುವುದೇ ಸರಿ. ಅದರಿಂದ ಇನ್ನೊಂದು ಉಪಯೋಗವೂ ಉಂಟು. ತಮ್ಮ ಹೆಸರಿನ ಮುಂದೆ ಏಳು ಸಾಲು ನೋಡಿದ ಮ್ಯಾನೇಜರ್ ಅವುಗಳಲ್ಲಿ ಯಾವುದನ್ನು ಕೈಬಿಡಬಹುದು, ಯಾವುದನ್ನು ಮುಂದೂಡಬಹುದು ಎಂದು ಅಂದೇ ಯೋಚಿಸುತ್ತಾರೆ. ಕೈಬಿಡುವ ತೀರ್ಮಾನ ಲೀಡ್ ಇರುವಾಗಲೇ ಆದರೆ ಒಳ್ಳೆಯದು, ಯಾಕೆಂದರೆ ಬಿಟ್ಟರೆ ಏನಾಗುತ್ತದೆ ಎಂದು ಹೇಳಬಲ್ಲವರು ಅವರೇ.

ತದ್ವಿರುದ್ಧದ ತಪ್ಪೂ ಇದೆ: ಎಲ್ಲವನ್ನೂ ತಂಡದ ಅತಿ ಹಿರಿಯ ಎಂಜಿನಿಯರ್ ತಲೆಗೆ ಕಟ್ಟುವುದು. ಪಟ್ಟಿಯನ್ನು ಹೊಣೆಗಾರರ ಹೆಸರಿನ ಪ್ರಕಾರ ಒಮ್ಮೆ ಜೋಡಿಸಿ ನೋಡಿದರೆ ಇದು ಥಟ್ಟನೆ ಕಾಣುತ್ತದೆ. ಒಬ್ಬರಿಗೇ ಅರ್ಧಕ್ಕಿಂತ ಹೆಚ್ಚು ಸಾಲು ಬಂದಿದ್ದರೆ, ಅದರಲ್ಲೂ ಮೂರು ಗಡುವು ನವೆಂಬರ್ ಎರಡನೇ ವಾರದಲ್ಲೇ ಇದ್ದರೆ, ಆ ಪಟ್ಟಿ ಕಾಗದದ ಮೇಲೆ ಮಾತ್ರ ನಡೆಯುತ್ತದೆ.

ಹೆಸರು ಬರೆದ ಮಾತ್ರಕ್ಕೆ ಹೊಣೆ ದಾಟುವುದಿಲ್ಲ, ತೆಗೆದುಕೊಳ್ಳುವವರು ಒಪ್ಪಬೇಕು. ಒಪ್ಪಿದ್ದಾರೆ ಎಂಬುದಕ್ಕೆ ಗುರುತು ತಲೆಯಾಡಿಸುವುದಲ್ಲ. ಆಸ್ಪತ್ರೆಗಳಲ್ಲಿ ರೋಗಿಯ ಹೊಣೆಯನ್ನು ಒಂದು ಪಾಳಿಯ ವೈದ್ಯರಿಂದ ಇನ್ನೊಂದು ಪಾಳಿಗೆ ದಾಟಿಸಲು ‘ಐ-ಪಾಸ್’ ಎಂಬ ಕ್ರಮ ಬಳಸುತ್ತಾರೆ. ಅದರ ಕೊನೆಯ ಹೆಜ್ಜೆಯಲ್ಲಿ ಕೇಳಿಸಿಕೊಂಡ ವೈದ್ಯರು ತಾವು ಅರ್ಥಮಾಡಿಕೊಂಡದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಒಂಬತ್ತು ಆಸ್ಪತ್ರೆಗಳಲ್ಲಿ ಈ ಕ್ರಮವನ್ನು ತಂದಾಗ ವೈದ್ಯಕೀಯ ತಪ್ಪುಗಳು 23% ಇಳಿದವೆಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕಚೇರಿಯಲ್ಲಿ ಇದನ್ನು ಇನ್ನೂ ಗಟ್ಟಿಯಾಗಿ ಮಾಡಬಹುದು. ಡೇಟಾಬೇಸ್ ಸಾಲಿನ ಹೊಣೆ ಹೊತ್ತ ಎಂಜಿನಿಯರ್ ಟೆಸ್ಟ್ ಸರ್ವರನ್ನು ಮತ್ತೆ 13ಕ್ಕೆ ಇಳಿಸಿ, ನೋಟ್ ಮಾತ್ರ ಇಟ್ಟುಕೊಂಡು, ಲೀಡ್ ಪಕ್ಕದಲ್ಲಿ ಬಾಯಿ ಬಿಡದೆ ಕುಳಿತಿರುವಾಗ, 16ಕ್ಕೆ ಏರಿಸಬೇಕು. ಎಲ್ಲಿ ತಡವರಿಸಿ ‘ಇಲ್ಲಿ ಏನು ಮಾಡೋದು ಸರ್’ ಎಂದು ಕೇಳುತ್ತಾರೋ ಅಲ್ಲಿ ನೋಟ್‌ನಲ್ಲಿ ಒಂದು ವಾಕ್ಯ ಕಡಿಮೆಯಿದೆ ಎಂದರ್ಥ. ಎಲ್ಲ ಸಾಲಿಗೂ ಇದು ಬೇಕಿಲ್ಲ. ಕೆಟ್ಟರೆ ಗ್ರಾಹಕರಿಗೆ ತಟ್ಟುವ ಎರಡು ಮೂರು ಕೆಲಸಗಳಿಗೆ ಬೇಕೇ ಬೇಕು.

ಗಡುವಿನ ಕಲಂ ಎಲ್ಲಕ್ಕಿಂತ ಸುಲಭವೆನಿಸುತ್ತದೆ, ಆದರೆ ಓದುವವರನ್ನು ಹೆಚ್ಚು ದಾರಿತಪ್ಪಿಸುವುದೂ ಅದೇ. ಯಾಕೆಂದರೆ ಎಲ್ಲ ದಿನಾಂಕಗಳೂ ಒಂದೇ ರೀತಿ ಕಾಣುತ್ತವೆ. ಅಕ್ಟೋಬರ್ ತಿಂಗಳ ಮಾರಾಟದ ವಿವರವನ್ನು ಜಿಎಸ್‌ಟಿಆರ್-1ರಲ್ಲಿ ಸಲ್ಲಿಸಲು ನವೆಂಬರ್ 11 ಕೊನೆಯ ದಿನ. ಅದು ಕಾನೂನಿನದು, ತಂಡ ಕೇಳಿಕೊಂಡರೆ ಮುಂದೆ ಹೋಗುವುದಿಲ್ಲ. ವಾರ್ಷಿಕ ವಹಿವಾಟು 10 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿರುವ ಕಂಪನಿಗಳು ಇ-ಇನ್‌ವಾಯ್ಸನ್ನು ಅದರ ದಿನಾಂಕದಿಂದ 30 ದಿನದೊಳಗೆ ಪೋರ್ಟಲ್‌ಗೆ ಏರಿಸಬೇಕು ಎಂಬ ನಿಯಮ 2025ರ ಏಪ್ರಿಲ್ 1ರಿಂದ ಇದೆ. ದಿನ ದಾಟಿದರೆ ಪೋರ್ಟಲ್ ತೆಗೆದುಕೊಳ್ಳುವುದೇ ಇಲ್ಲ. ಇನ್ನು ಕೆಲವು ಗಡುವುಗಳು ಗ್ರಾಹಕರಿಗೆ ಕೊಟ್ಟ ಮಾತು. ಫೋನ್ ಮಾಡಿ ಕಾರಣ ಹೇಳಿದರೆ ವಾರ ಹತ್ತು ದಿನ ಸಿಗಬಹುದು. ಮತ್ತೆ ಕೆಲವು ತಂಡವೇ ಒಂದು ಸೋಮವಾರದ ಮೀಟಿಂಗ್‌ನಲ್ಲಿ ಹಾಕಿಕೊಂಡವು, ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಹೊಸಬರ ಮುಂದೆ ಈ ಮೂರೂ ಬರೀ ದಿನಾಂಕಗಳಾಗಿ ನಿಂತರೆ, ಅವರು ಸುಲಭವಾಗಿ ಮುಗಿಯುವುದನ್ನು ಮೊದಲು ಮುಗಿಸುತ್ತಾರೆ, ಕಾನೂನಿನದು ಹಿಂದೆ ಬೀಳುತ್ತದೆ. ಹಾಗಾಗಿ ದಿನಾಂಕದ ಪಕ್ಕದಲ್ಲಿ ಅದನ್ನು ಯಾರು ಹಾಕಿದ್ದು, ತಪ್ಪಿದರೆ ಏನಾಗುತ್ತದೆ ಎಂದು ನಾಲ್ಕು ಪದ ಇರಬೇಕು.

ಇದಕ್ಕಿಂತಲೂ ಮುಖ್ಯವಾದದ್ದು ಕೆಲಸ ಯಾವಾಗ ಶುರುವಾಗಬೇಕು ಎಂಬುದು. ವೆಬ್‌ಸೈಟಿನ ಭದ್ರತಾ ಸರ್ಟಿಫಿಕೇಟ್ ನವೆಂಬರ್ 28ಕ್ಕೆ ಮುಗಿಯುತ್ತದೆ ಎಂದಿಟ್ಟುಕೊಂಡರೆ ಗಡುವು ನವೆಂಬರ್ 28 ಅಲ್ಲ. ಖರೀದಿಗೆ ಹಣಕಾಸು ವಿಭಾಗದ ಮಂಜೂರಾತಿ ಬೇಕು, ಕಂಪನಿಯ ದಾಖಲೆಗಳ ಪರಿಶೀಲನೆ ಆಗಬೇಕು, ಬಂದ ಸರ್ಟಿಫಿಕೇಟನ್ನು ಸರ್ವರ್‌ಗಳಲ್ಲಿ ಕೂರಿಸಿ ನೋಡಬೇಕು. ಮಂಜೂರಾತಿಗೇ ಎರಡು ವಾರ ಹಿಡಿಯುವ ಕಂಪನಿಯಲ್ಲಿ ನವೆಂಬರ್ 5ರೊಳಗೆ ಅರ್ಜಿ ಹೋಗದಿದ್ದರೆ 28ರ ಮರುದಿನ ಬೆಳಿಗ್ಗೆ ಗ್ರಾಹಕರ ಬ್ರೌಸರ್‌ನಲ್ಲಿ ಎಚ್ಚರಿಕೆಯ ಪುಟ ತೆರೆದುಕೊಳ್ಳುತ್ತದೆ. ನೋಟ್‌ನಲ್ಲಿ ಮೊದಲು ಕಾಣಬೇಕಾದದ್ದು ಆ 5ನೇ ತಾರೀಕು. ಈ ಸಾಲಿಗೆ ಮುಂದೆಯೂ ಕೆಲಸವಿದೆ. ಸರ್ಟಿಫಿಕೇಟ್ 398 ದಿನಗಳವರೆಗೆ ನಡೆಯಬಹುದಿದ್ದದ್ದು 2026ರ ಮಾರ್ಚ್ 15ಕ್ಕೆ ಮೊದಲು ಕೊಟ್ಟವುಗಳಿಗೆ ಮಾತ್ರ. 2026ರ ಮಾರ್ಚ್ 15ರಿಂದ ಕೊಡುವವುಗಳ ಮಿತಿ 200 ದಿನ, 2029ಕ್ಕೆ ಅದು 47 ದಿನಕ್ಕೆ ಇಳಿಯಬೇಕೆಂದು ನಿಗದಿಯಾಗಿದೆ. ವರ್ಷಕ್ಕೊಮ್ಮೆ ಲೀಡ್ ನೆನಪಿಟ್ಟುಕೊಂಡು ಮಾಡುತ್ತಿದ್ದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಕು ಎಂಬುದು ಇಲ್ಲಿ ಇನ್ನೊಂದು ಬಾಕಿ.

ಇಷ್ಟೂ ಲೀಡ್‌ಗೆ ನೆನಪಿರುವ ಕೆಲಸಗಳಾದವು. ಅವರಿಗೇ ನೆನಪಿಲ್ಲದ ಬಾಕಿಗಳು ಎರಡು ಜಾಗದಲ್ಲಿ ಅಡಗಿರುತ್ತವೆ. ಒಂದು, ಬಾಯಿಮಾತಿನಲ್ಲಿ ಒಪ್ಪಿಕೊಂಡದ್ದು. ಆಗಸ್ಟ್‌ನಲ್ಲಿ ಗ್ರಾಹಕರೊಬ್ಬರ ಜತೆ ಮಾತಾಡುವಾಗ ‘ಡಿಸೆಂಬರ್ ಬಿಲ್ಲಿನಿಂದ ಶಾಖೆವಾರು ಲೆಕ್ಕ ಕೊಡ್ತೀವಿ’ ಎಂದಿರುತ್ತಾರೆ, ಟಿಕೆಟ್ ಮಾಡಿರುವುದಿಲ್ಲ. ಕಳೆದ ಮೂರು ತಿಂಗಳಲ್ಲಿ ತಾವು ಕಳಿಸಿದ ಮೇಲ್‌ಗಳನ್ನೂ ಕ್ಯಾಲೆಂಡರಿನ ಮೀಟಿಂಗ್‌ಗಳನ್ನೂ ಒಂದು ಸಲ ಹಿಂದಿನಿಂದ ಓದಿದರೆ ಇಂಥವು ಒಂದೊಂದಾಗಿ ಮೇಲೆ ಬರುತ್ತವೆ. ಅರ್ಧ ದಿನದ ಕೆಲಸ, ಆದರೆ ಇದನ್ನು ಬೇರೆ ಯಾರೂ ಮಾಡಲಾರರು.

ಎರಡನೆಯದು ಇನ್ನೂ ಅಪಾಯದ್ದು: ಲೀಡ್ ಅವರ ಸ್ವಂತ ಖಾತೆಗೆ ಅಂಟಿಕೊಂಡು ನಡೆಯುವ ಯಂತ್ರದ ಕೆಲಸಗಳು. ನಮ್ಮ ಉದಾಹರಣೆಯ ತಂಡದಲ್ಲಿ ತಿಂಗಳ ಬಿಲ್ ತಯಾರಿಸುವ ಪ್ರೋಗ್ರಾಂ ತಾನಾಗಿ ಓಡುತ್ತದೆ. ಸರ್ವರ್‌ನಲ್ಲಿ ಅದರ ಸಮಯ `0 2 1 * *` ಎಂದಿದೆ, ಅಂದರೆ ಪ್ರತಿ ತಿಂಗಳ 1ನೇ ತಾರೀಕು ಎರಡು ಗಂಟೆಗೆ. ಸರ್ವರ್ ಗಡಿಯಾರ ಯುಟಿಸಿಯಲ್ಲಿರುವುದರಿಂದ ಅದು ನಮ್ಮ ಬೆಳಗಿನ ಏಳೂವರೆ. ಮೂರು ವರ್ಷದ ಹಿಂದೆ ಅವಸರದಲ್ಲಿ ಬರೆದಾಗ ಗ್ರಾಹಕರ ಪಟ್ಟಿ ತರಲು ಲೀಡ್ ತಮ್ಮದೇ ಹೆಸರಿನ ಟೋಕನ್ ಹಾಕಿದ್ದರು. ಟೋಕನ್ ಎಂದರೆ ಪಾಸ್‌ವರ್ಡ್ ಬದಲಿಗೆ ಪ್ರೋಗ್ರಾಂ ತೋರಿಸುವ ಗುರುತು. ಖಾತೆ ಮುಚ್ಚಿದರೆ ಅದೂ ಸತ್ತಂತೆ. ಅಕ್ಟೋಬರ್ 31ರ ಸಂಜೆ ಆರು ಗಂಟೆಗೆ ಐಟಿ ವಿಭಾಗ ನಿಯಮದಂತೆ ಖಾತೆ ಮುಚ್ಚುತ್ತದೆ. ನವೆಂಬರ್ 1ರ ಬೆಳಿಗ್ಗೆ ಏಳೂವರೆಗೆ ಪ್ರೋಗ್ರಾಂ ಎದ್ದು, ಒಳಗೆ ಬಿಡಲಿಲ್ಲವೆಂದು ನಿಂತುಬಿಡುತ್ತದೆ. ವಿಫಲವಾದ ಸುದ್ದಿ ಮೇಲ್‌ನಲ್ಲಿ ಹೋಗುತ್ತದೆ, ಆದರೆ ಹೋಗುವುದು ಮುಚ್ಚಿದ ಅದೇ ಖಾತೆಗೆ. ಶನಿವಾರ ರಾಜ್ಯೋತ್ಸವ, ಮರುದಿನ ಭಾನುವಾರ. ಸೋಮವಾರ ಗ್ರಾಹಕರೊಬ್ಬರು ಬಿಲ್ ಬಂದಿಲ್ಲವಲ್ಲ ಎಂದು ಫೋನ್ ಮಾಡುವವರೆಗೆ ಯಾರಿಗೂ ತಿಳಿಯುವುದಿಲ್ಲ. ಅಷ್ಟು ಹೊತ್ತಿಗೆ 11ನೇ ತಾರೀಕಿಗೆ ಉಳಿದಿರುವುದು ಎಂಟು ದಿನ.

ಇದನ್ನು ಹಿಡಿಯಲು ನೆನಪನ್ನು ನಂಬುವಂತಿಲ್ಲ. ಕೋಡ್‌ನಲ್ಲೂ ಸರ್ವರ್ ಸೆಟ್ಟಿಂಗ್‌ಗಳಲ್ಲೂ ಲೀಡ್ ಅವರ ಬಳಕೆದಾರ ಹೆಸರು, ಮೇಲ್ ವಿಳಾಸ ಎಲ್ಲೆಲ್ಲಿ ಬರುತ್ತದೆಂದು ಹುಡುಕಬೇಕು. ಡೊಮೈನ್ ನೋಂದಣಿ, ಕ್ಲೌಡ್ ಬಾಡಿಗೆ, ಎಸ್‌ಎಂಎಸ್ ಸೇವೆ ಇವುಗಳ ಖಾತೆಗಳು ಯಾರ ಮೇಲ್‌ನಲ್ಲಿವೆ, ಒಟಿಪಿ ಯಾರ ಮೊಬೈಲಿಗೆ ಬರುತ್ತದೆ ಎಂದು ಒಂದೊಂದಾಗಿ ಲಾಗಿನ್ ಮಾಡಿ ನೋಡಬೇಕು. ಆದರೆ ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಬೇರೆಯದು. ಕೊನೆಯ ದಿನಕ್ಕೆ ಕಾಯದೆ, ಅಕ್ಟೋಬರ್ 27ರ ಸೋಮವಾರ ಐಟಿಯವರಿಂದ ಲೀಡ್ ಖಾತೆಯನ್ನು ಒಂದು ದಿನ ತಡೆಹಿಡಿಸಿ, ಬಿಲ್ಲಿಂಗ್ ಪ್ರೋಗ್ರಾಂ ಅನ್ನು ಕೈಯಿಂದ ಒಮ್ಮೆ ಪ್ರಯೋಗಾರ್ಥ ಓಡಿಸಬೇಕು. ಏನು ನಿಲ್ಲಬೇಕೋ ಅದು ಅಂದೇ ನಿಲ್ಲುತ್ತದೆ, ಸರಿಪಡಿಸುವವರು ಇನ್ನೂ ಪಕ್ಕದ ಕುರ್ಚಿಯಲ್ಲೇ ಇರುತ್ತಾರೆ. ಟೋಕನನ್ನು ಯಾವ ವ್ಯಕ್ತಿಗೂ ಸೇರದ ಸೇವಾ ಖಾತೆಗೆ ಬದಲಿಸಿ, ವಿಫಲವಾದ ಸುದ್ದಿ ಇಡೀ ತಂಡದ ಮೇಲ್ ವಿಳಾಸಕ್ಕೆ ಹೋಗುವಂತೆ ಮಾಡಿದರೆ ಆ ಸಾಲನ್ನು ಪಟ್ಟಿಯಿಂದ ತೆಗೆಯಬಹುದು.

ನೋಟ್‌ನಲ್ಲಿ ಇರಬಾರದ್ದೂ ಇದೆ. ಪಾಸ್‌ವರ್ಡ್‌ಗಳು ಕಂಪನಿಯ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿರಬೇಕು. ನೋಟ್‌ನಲ್ಲಿ ಯಾವುದು ಎಲ್ಲಿದೆ ಎಂದಷ್ಟೇ ಸಾಕು. ಯಾರು ಚುರುಕು, ಯಾರು ಸೋಮಾರಿ ಎಂಬಂಥ ಅಭಿಪ್ರಾಯಗಳನ್ನು ಮ್ಯಾನೇಜರ್ ಬಳಿ ಮಾತಿನಲ್ಲಿ ಹೇಳಬೇಕು, ಇಡೀ ತಂಡ ಓದುವ ದಾಖಲೆಯಲ್ಲಿ ಅಲ್ಲ. ಪಟ್ಟಿಯನ್ನು ಶುರುವಾಗಬೇಕಾದ ದಿನದ ಕ್ರಮದಲ್ಲಿ ಜೋಡಿಸಿ, ಮೊದಲ ಎರಡು ವಾರದ ಕೆಲಸಗಳು ಮೊದಲ ಪುಟದಲ್ಲೇ ಬರುವಂತೆ ಮಾಡಿದರೆ ಓದುವವರಿಗೆ ಅನುಕೂಲ.

ಲೀಡ್ ಹೊರಟ ಮೇಲೆ ನೋಟ್ ಮ್ಯಾನೇಜರ್ ಅವರದಾಗುತ್ತದೆ. ಪ್ರತಿ ಸೋಮವಾರ ತಂಡ ಅದನ್ನು ತೆರೆದು ಮುಗಿದ ಸಾಲುಗಳನ್ನು ಹೊಡೆದುಹಾಕಬೇಕು. ಗಡುವು ಮುಂದೆ ಹೋದರೆ ಹಳೆಯ ದಿನಾಂಕವನ್ನು ಅಳಿಸದೆ, ಹೊಸದನ್ನೂ ಕಾರಣವನ್ನೂ ಪಕ್ಕದಲ್ಲಿ ಬರೆಯಬೇಕು. ಒಂದೂವರೆ ತಿಂಗಳಾದ ಮೇಲೂ ಉಳಿದವು ಸಾಮಾನ್ಯ ಟಿಕೆಟ್‌ಗಳಾಗಿ ಬದಲಾಗುತ್ತವೆ. ಹೋದವರಿಗೆ ಫೋನ್ ಮಾಡಿ ಕೇಳುವುದಕ್ಕೆ ಮಿತಿಯಿದೆ: ಅವರ ಬಳಿ ಕಂಪನಿಯ ಯಾವ ಕಡತವೂ ಇರುವಂತಿಲ್ಲ, ನೋಡದೆ ಹೇಳಬಹುದಾದದ್ದನ್ನು ಮಾತ್ರ ಹೇಳಬಲ್ಲರು. ಇನ್ನು ನೋಟ್ ಇರುವ ಜಾಗ. ಲೀಡ್ ಅದನ್ನು ತಮ್ಮ ಖಾತೆಯ ಡ್ರೈವ್‌ನಲ್ಲೇ ಬರೆದು ಎಲ್ಲರಿಗೂ ಲಿಂಕ್ ಕಳಿಸಿದ್ದರೆ, ಖಾತೆ ಅಳಿಸಿದಾಗ ಆ ಕಡತವೂ ಅದರ ಜತೆ ಹೋಗಬಹುದು. ಹಾಗಾಗಿ ಅದನ್ನು ಮೊದಲ ದಿನದಿಂದಲೇ ತಂಡದ ಹಂಚಿಕೆಯ ಫೋಲ್ಡರ್‌ನಲ್ಲಿ ಬರೆಯಬೇಕು. ಖಾತೆ ತಡೆಹಿಡಿದ ಆ ಸೋಮವಾರ ತಂಡದವರು ತೆರೆದು ನೋಡಬೇಕಾದವುಗಳಲ್ಲಿ ಈ ಕಡತವೂ ಒಂದು.